ಅಪ್ಪನ ಫೋನಿನ ರಬ್ಬರ್ ಬ್ಯಾಂಡ್

ಭಾನುವಾರ ಊರಿಗೆ ಹೋದಾಗ ನೋಡಿದರೆ ಅಪ್ಪನ ಫೋನಿಗೆ ರಬ್ಬರ್ ಬ್ಯಾಂಡ್. ಒಂದಲ್ಲ, ಎರಡು ಸುತ್ತು.

"ಇದೇನಪ್ಪಾ?"

"ಕವರ್ ಸಣ್ಣದಾಗಿದೆ ಮಾರಾಯ, ಕೂರ್ತಾ ಇಲ್ಲ."

ಕವರ್ ಸಣ್ಣದಾಗಿದೆ! ಮೂರು ದಿನದಿಂದ ಆ ಮಾತು ನೆನೆದು ನಗುತ್ತಿದ್ದೇನೆ. ಜೊತೆಗೆ ಭಯವೂ ಆಗುತ್ತಿದೆ.

ಬ್ಯಾಂಡ್ ಬಿಚ್ಚಿ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟೆ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಗಿರ್ರನೆ ತಿರುಗಿತು. ಬೆನ್ನು ಚಪ್ಪಟೆಯಾಗಿದ್ದರೆ ಹಾಗೆ ತಿರುಗುವುದಿಲ್ಲ. ಒಂದು ಅಂಚಿನಲ್ಲಿ ಪರದೆ ಎದ್ದು, ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಬ್ಯಾಟರಿ ಉಬ್ಬಿತ್ತು. ಅದನ್ನೇ ಬ್ಯಾಂಡ್ ಬಿಗಿದು ಒತ್ತಿ ಹಿಡಿದಿದ್ದರು ನಮ್ಮಪ್ಪ. ರಾತ್ರಿ ಚಾರ್ಜಿಗೆ ಹಾಕಿ, ತಾಳಮದ್ದಲೆ ಕೇಳುತ್ತಾ ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರಂತೆ.

ತಪ್ಪು ನನ್ನದೂ ಇದೆ. ಚಾರ್ಜ್ ನಿಲ್ಲುತ್ತಿಲ್ಲ ಅಂತ ಅವರು ಒಂದು ವರ್ಷದಿಂದ ಹೇಳುತ್ತಿದ್ದರು. 30 ಪರ್ಸೆಂಟ್ ತೋರಿಸುತ್ತಿದ್ದ ಫೋನು ವಿಡಿಯೋ ಕಾಲ್ ಮಧ್ಯೆ ಥಟ್ಟನೆ ಆಫ್ ಆಗುತ್ತಿತ್ತು. "ಯಾವುದೋ ಆ್ಯಪ್ ತಿಂತಿರತ್ತೆ" ಅಂತ ಸುಮ್ನೆ ಹೇಳಿ ಮುಗಿಸುತ್ತಿದ್ದೆ. ಆ್ಯಪ್ ತಿಂದರೆ ಚಾರ್ಜ್ ಬೇಗ ಇಳಿಯುತ್ತದೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಹಳೇ ಬ್ಯಾಟರಿಯ ಕಥೆ ಬೇರೆ. ಅದರ ಒಳಗಿನ ತಡೆ ಜಾಸ್ತಿಯಾಗಿರುತ್ತದೆ. ಫೋನು ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಆಫ್ ಆಗುತ್ತದೆ. ಅಷ್ಟಕ್ಕೇ ಬ್ಯಾಟರಿ ಬದಲಿಸಿದ್ದರೆ ಸಾಕಿತ್ತು. ಸವೆದ ಬ್ಯಾಟರಿಯನ್ನು ಬದಲಿಸುವವರೆಗೆ ಹೇಗೋ ಓಡಿಸಬಹುದು. ಉಬ್ಬಿದ್ದನ್ನು ಒಂದು ದಿನವೂ ಓಡಿಸಬಾರದು. ವಯಸ್ಸು, ಬಿಸಿ, ರಾತ್ರಿಯಿಡೀ ಚಾರ್ಜಿಗೇ ಅಂಟಿಕೊಂಡಿರುವುದು, ಇವುಗಳಿಂದ ಒಳಗಿನ ದ್ರವ ಕೆಟ್ಟು ಗ್ಯಾಸ್ ಆಗುತ್ತದೆ. ಆ ಗ್ಯಾಸ್ ಮತ್ತೆ ದ್ರವವಾಗುವುದಿಲ್ಲ.

ಪಕ್ಕದ ಮನೆಯ ಮಾವ ಬಂದು, "ಪಿನ್ ಚುಚ್ಚಿ ಗಾಳಿ ತೆಗಿ, ಸರಿಹೋಗತ್ತೆ" ಅಂದರು. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಅವರ ಹತ್ತಿರ ಒಂದು ಪಿನ್ ಇರುತ್ತದೆ. ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು.

ಫೋನ್ ಆಫ್ ಮಾಡಿದೆ. ಮತ್ತೆ ಚಾರ್ಜಿಗೆ ಹಾಕಲಿಲ್ಲ. ಸ್ಟೀಲ್ ಡಬ್ಬಿಯ ತಳಕ್ಕೆ ಒಣ ಮರಳು ಹಾಕಿ, ಮುಚ್ಚಳ ಮುಚ್ಚದೆ, ಹೊರಗಿನ ಜಗಲಿಯಲ್ಲಿಟ್ಟೆ. ಅಮ್ಮ ಗೊಣಗಿದ್ದು ಡಬ್ಬಿಗಾಗಿ.

ಸೋಮವಾರ ಪೇಟೆಯ ರಿಪೇರಿ ಹುಡುಗ ನೋಡಿದ ಕೂಡಲೇ ಕೇಳಿದ: "ಅಜ್ಜಾ, ಇದನ್ನ ಬಿಗಿದು ಕಟ್ಟಿದ್ರಾ?" ಬ್ಯಾಂಡಿನ ಗುರುತು ಕವರ್ ಮೇಲೆ ಇನ್ನೂ ಇತ್ತು. ಅಪ್ಪ ಮಾತಾಡಲಿಲ್ಲ. ಹುಡುಗ ಲೋಹದ ಉಳಿ ಮುಟ್ಟದೆ, ಅಂಟನ್ನು ಸ್ವಲ್ಪ ಬಿಸಿ ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ತಾಳ್ಮೆಯಾಗಿ ಬಿಡಿಸಿದ. ಹೊರಬಂದದ್ದು ಪುಟ್ಟ ದಿಂಬು. ಹಳೇದನ್ನು ಕಸಕ್ಕೆ ಎಸೆಯದೆ ಇ-ತ್ಯಾಜ್ಯದವರಿಗೆ ಕೊಡಲು ಬೇರೆ ಇಟ್ಟ.

ಹೊಸ ಬ್ಯಾಟರಿ ಹಾಕಿದ ಮೇಲೆ ಕವರ್ ಸಲೀಸಾಗಿ ಕೂತಿತು. ಅಪ್ಪ ಅದನ್ನು ಎರಡು ಸಲ ತೆಗೆದು ಹಾಕಿ ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿ, "ರಬ್ಬರ್ ಬ್ಯಾಂಡ್ ಎಲ್ಲಿ?" ಅಂದರು.