ಸಾಲು ಬಿಡದೆ ಬಡಿಸುವ ಆಟ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯ ಹತ್ತಿರ ದೊಡ್ಡಮ್ಮನ ಮನೆಯಲ್ಲಿ ಮೂರು ದಿನ ಉಳಿದಿದ್ದೆ. ಮಳೆ ಬಿಟ್ಟಿರಲಿಲ್ಲ, ಕರೆಂಟೂ ಇರಲಿಲ್ಲ. ಹೊಸ ಆಟವೊಂದನ್ನು ಕಟ್ಟಬೇಕೆಂದು ತಿಂಗಳುಗಳಿಂದ ಒದ್ದಾಡುತ್ತಿದ್ದ ನನಗೆ ಬೇಕಾಗಿದ್ದದ್ದು ಅಂಥ ಮೂರು ದಿನಗಳೇ.

ಮೊದಲ ದಿನ ಚೀಟಿಗಳ ಎರಡು ಗುಡ್ಡೆ ಮಾಡಿದೆ. ಒಂದರಲ್ಲಿ ಆಟ ನಡೆಯುವ ಬಗೆಗಳನ್ನು ಬರೆದೆ: ಹರಾಜು ಕೂಗುವುದು, ಜೋಡಿ ನೆನಪಿಡುವುದು, ಚೆನ್ನೆಮಣೆಯಲ್ಲಿ ಮಾಡುವಂತೆ ಗುಳಿಗೊಂದರಂತೆ ಕಾಳು ಹಾಕುತ್ತಾ ಹೋಗುವುದು. ಇನ್ನೊಂದರಲ್ಲಿ ಆಟಕ್ಕೆ ಯಾರೂ ಆರಿಸದ ವಿಷಯಗಳನ್ನು ಬರೆದೆ. ಮೊದಲು ಬಂದ ಜೋಡಿ ‘ಹರಾಜು, ಇಂಬಳ’. ಕೇಳಲು ಚೆನ್ನಾಗಿದೆ, ಆದರೆ ಇಂಬಳಗಳ ಲೋಕದಲ್ಲಿ ಬೆಲೆ ಕೂಗುವಂಥ ಕೆಲಸವೇ ಇಲ್ಲ. ಅದನ್ನು ಬದಿಗಿಟ್ಟೆ. ನಾನು ನೋಡುವುದು ಇದೊಂದನ್ನೇ: ಆಟಗಾರನ ಕೈ ಮಾಡುವ ಕೆಲಸವನ್ನು ಆ ವಿಷಯದಲ್ಲಿ ಬದುಕುವವರೂ ನಿಜವಾಗಿ ಮಾಡುತ್ತಾರೆಯೇ? ಐದನೆಯ ಸಲ ‘ಕಾಳು ಹಾಕುತ್ತಾ ಹೋಗುವುದು’ ಎಂಬ ಚೀಟಿಯ ಜೊತೆಗೆ ‘ಮದುವೆ ಊಟ’ ಬಂತು. ಬಡಿಸುವವನೂ ಬಕೆಟ್ ಹಿಡಿದು ಎಲೆಗೊಂದು ಸೌಟು ಹಾಕುತ್ತಾ ಸಾಗುತ್ತಾನೆ. ನಡುವೆ ಯಾರನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಚೆನ್ನೆಮಣೆಯ ನಿಯಮವೂ ಅದೇ. ಉಳಿದ ಚೀಟಿಗಳನ್ನು ಮಡಚಿಟ್ಟೆ.

ಹಳೆಯ ಲಗ್ನಪತ್ರಿಕೆಗಳ ಬೆನ್ನಿನಿಂದ ಎಂಟು ಎಲೆ ಕತ್ತರಿಸಿ, ನಾಲ್ಕು ನಾಲ್ಕರಂತೆ ಎದುರುಬದುರು ಇಟ್ಟೆ. ಒಂದು ಸಾಲಿನಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿದರೆ ಒಂದು ಸುತ್ತು. ಕಾಳಿಗೆ ಹುಣಸೆ ಬೀಜ ಇತ್ತು. ಅಷ್ಟಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಚಿತ್ರ ಬಿಡಿಸಬೇಕೆಂಬ ಆಸೆಯನ್ನು ಬೇಕೆಂದೇ ತಡೆದುಕೊಂಡೆ. ಬಣ್ಣ ತುಂಬಿ ಅಂದಗೊಳಿಸಿದ ಕಾಗದವನ್ನು ಹರಿದೆಸೆಯಲು ಮನಸ್ಸು ಬರುವುದಿಲ್ಲ, ಮೊದಲ ಕರಡು ಇರುವುದೇ ಹರಿಯಲಿಕ್ಕೆ.

ನಿಯಮವನ್ನು ಚೆನ್ನೆಮಣೆಯಿಂದ ಹಾಗೆಯೇ ತಂದಿದ್ದೆ: ಒಂದು ಎಲೆಯಲ್ಲಿರುವುದನ್ನೆಲ್ಲ ಎತ್ತಿಕೊಂಡು ಮುಂದಿನ ಎಲೆಗಳಿಗೆ ಒಂದೊಂದಾಗಿ ಹಾಕಬೇಕು. ದೊಡ್ಡಮ್ಮ ಕಾಳು ಎತ್ತಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ಒಬ್ಬರ ಎಲೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸುವುದೇ? ಎಂಜಲಲ್ಲವೇ ಮಾರಾಯ!”

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಹಾಕುವ ಕೆಲಸ ವಿಷಯಕ್ಕೆ ಹೊಂದಿತ್ತು, ಎತ್ತುವ ಕೆಲಸ ಹೊಂದಿರಲಿಲ್ಲ. ಇಂಥ ಕಡೆ ‘ಇದು ಬರೀ ಆಟ’ ಎಂದು ಸಮಾಧಾನ ಹೇಳಿ ಮುಂದುವರಿಸಬಾರದು. ನಿಯಮವೂ ವಿಷಯವೂ ಒಂದೇ ಮಾತು ಹೇಳಿದರೆ ಆಟಗಾರರಿಗೆ ನಿಯಮವನ್ನು ನೆನಪಿಡುವ ಕಷ್ಟವೇ ಇರುವುದಿಲ್ಲ. ಎರಡೂ ಜಗಳವಾಡಿದರೆ ಪ್ರತಿ ಸರದಿಯಲ್ಲೂ ಕೈ ತಡೆಯುತ್ತದೆ.

ಹಾಗಾಗಿ ಕಾಳು ಅಡುಗೆಮನೆಯಿಂದಲೇ ಬರಬೇಕಾಯಿತು. ಮೂರು ಬಕೆಟ್ ಮಾಡಿದೆ: ಎರಡು ಕಾಳಿನದು, ಮೂರರದು, ಐದರದು. ಒಂದನ್ನು ಆರಿಸಿ, ಹಿಂದಿನವರು ನಿಲ್ಲಿಸಿದ ಎಲೆಯ ಮುಂದಿನಿಂದ ಬಡಿಸಬೇಕು. ಎಲ್ಲಿ ನಿಂತರು ಎನ್ನುವ ಗುರುತಿಗೆ ಒಂದು ಅಡಿಕೆ. ನಾಲ್ಕು ಕಾಳಿಗೆ ಎಲೆ ತುಂಬುತ್ತದೆ. ನಿಮ್ಮ ಕೊನೆಯ ಕಾಳಿನಿಂದಲೇ ತುಂಬಿದರೆ ಅದರ ಮೇಲೆ ನಿಮ್ಮ ಅಂಗಿಗುಂಡಿ ಇಡಬಹುದು. ತುಂಬಿದ ಎಲೆಗೆ ಐದನೆಯ ಕಾಳು ಹಾಕಿದರೆ ದಂಡ.

ರಾತ್ರಿ ಲಾಂದ್ರದ ಬೆಳಕಿನಲ್ಲಿ ಎರಡೂ ಕಡೆಯಿಂದ ನಾನೊಬ್ಬನೇ ಆಡಿದೆ. ಇನ್ನೊಬ್ಬರ ಸಮಯ ತೆಗೆದುಕೊಳ್ಳುವ ಮೊದಲು ಇದನ್ನು ಮಾಡಲೇಬೇಕು. ಎಂಟು ಎಲೆ ತುಂಬಲು ಮೂವತ್ತೆರಡು ಕಾಳು ಸಾಕು, ಸರದಿಗೆ ಸರಾಸರಿ ಮೂರಕ್ಕಿಂತ ಹೆಚ್ಚು ಬೀಳುತ್ತದೆ. ಹತ್ತನೆಯ ಸರದಿಯ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಎಲೆಗಳೂ ತುಂಬಿ, ಯಾವ ಬಕೆಟ್ ಹಿಡಿದರೂ ದಂಡವೇ ಆಯಿತು. ಯಾವುದನ್ನು ಆರಿಸಿದರೂ ಫಲ ಒಂದೇ ಆದಾಗ ಆಟ ಸತ್ತಿದೆ ಎಂದೇ ಅರ್ಥ.

ಇದಕ್ಕೆ ಪರಿಹಾರ ಕೊಟ್ಟವಳು ದೊಡ್ಡಮ್ಮನ ಹತ್ತು ವರ್ಷದ ಮೊಮ್ಮಗಳು. ಮರುದಿನ ಬೆಳಿಗ್ಗೆ ತುಂಬಿದ ಎಲೆಗೆ ನಾನು ಕಾಳು ಹಾಕಲು ಹೋದಾಗ ಅವಳು ಅಂಗೈ ಅಡ್ಡ ಹಿಡಿದು “ಸಾಕು, ಸಾಕು” ಎಂದಳು. ಊಟಕ್ಕೆ ಕೂತವರು ಮಾಡುವುದೇ ಅದು! ದಂಡವನ್ನು ತೆಗೆದೆ. ತುಂಬಿದ ಎಲೆಯನ್ನು ಕಾಳು ಹಾಕದೆ ದಾಟಬೇಕು. ಒಂದು ಸಾಲಿನ ನಾಲ್ಕೂ ಎಲೆ ತುಂಬಿದಾಗ ಪಂಕ್ತಿ ಒಟ್ಟಿಗೆ ಏಳುತ್ತದೆ, ಗುಂಡಿಗೊಂದು ಅಂಕ, ಹೊಸ ಎಲೆ.

ದಾಟುವ ನಿಯಮ ಬಂದೊಡನೆ ಲೆಕ್ಕಕ್ಕೆ ಜೀವ ಬಂತು. ಆದರೂ ದೊಡ್ಡಮ್ಮನ ಮುಖದಲ್ಲಿ ಕೆಲವೊಮ್ಮೆ ಬೇಸರ ಕಾಣುತ್ತಿತ್ತು. ಆಡುವವರನ್ನು ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ, ಅದರಲ್ಲೂ ನೆಂಟರು. ನಾನು ಕೈಗಳನ್ನು ನೋಡುತ್ತಿದ್ದೆ. ಬಳಸಿದ ಬಕೆಟ್ ಒಳಗೆ ಹೋಗಿ, ಮೂರೂ ಮುಗಿದ ಮೇಲೆ ಮರಳುತ್ತಿತ್ತು. ಹಾಗಾಗಿ ಮೂರನೆಯ ಸರದಿಯವರಿಗೆ ಉಳಿಯುತ್ತಿದ್ದದ್ದು ಒಂದೇ. ಅವರು ಎಲೆಗಳನ್ನು ನೋಡದೆಯೇ ಅದನ್ನು ಎತ್ತಿಕೊಳ್ಳುತ್ತಿದ್ದರು. ಸಂಜೆಗೆ ಬಕೆಟ್‌ಗಳನ್ನು ನಾಲ್ಕು ಮಾಡಿದೆ, ಎರಡು, ಮೂರು, ನಾಲ್ಕು, ಐದು ಕಾಳಿನವು. ಒಂದೇ ಉಳಿದಾಗ ಎಲ್ಲವೂ ಮರಳಬೇಕು. ಬೇರೇನನ್ನೂ ಮುಟ್ಟಲಿಲ್ಲ. ಒಮ್ಮೆಗೆ ಎರಡು ನಿಯಮ ಬದಲಿಸಿದರೆ ಆಟ ಯಾವುದರಿಂದ ಸುಧಾರಿಸಿತು ಎಂದು ತಿಳಿಯುವುದಿಲ್ಲ.

ಆ ಸಂಜೆಯ ಒಂದು ಸರದಿಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಅಡಿಕೆ ಐದನೆಯ ಎಲೆಯ ಹತ್ತಿರ. ಆರರಲ್ಲಿ ಮೂರು ಕಾಳು, ಏಳು ತುಂಬಿದೆ, ಎಂಟರಲ್ಲಿ ಒಂದು. ತಿರುಗಿ ಮೊದಲನೆಯದರಲ್ಲಿ ಮೂರು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ನಾಲ್ಕೂ ಬಕೆಟ್ ಇವೆ, ಹುಡುಗಿಯ ಸರದಿ. ಮೂರರ ಬಕೆಟ್ ಎತ್ತಿದರೆ ಆರು, ಎಂಟು, ಒಂದು ಎಂದು ಸಾಗಿ ಕೊನೆಯ ಕಾಳು ಮೊದಲನೆಯ ಎಲೆಯನ್ನು ತುಂಬುತ್ತದೆ, ಗುಂಡಿ ಇಡಬಹುದು. ಅವಳ ಬೆರಳು ಅಲ್ಲಿಯವರೆಗೆ ಗಾಳಿಯಲ್ಲಿ ಹೋಗಿ, ನಿಂತು, ಇನ್ನೂ ಎರಡು ಎಲೆ ಮುಂದೆ ಹೋಯಿತು. ಮೊದಲನೆಯದರಲ್ಲಿ ನಿಂತರೆ ಅಜ್ಜಿ ಎರಡರ ಬಕೆಟ್ ಹಿಡಿದು ಮೂರನೆಯ ಎಲೆಯನ್ನು ಗೆಲ್ಲುತ್ತಾರೆ. ಐದರ ಬಕೆಟ್ ಆರಿಸಿದರೆ ಆ ಎಲೆ ತನ್ನದೇ ಆಗುತ್ತದೆ. ಅವಳು ಐದನ್ನು ಎತ್ತಿದಳು. ನನ್ನ ಎದೆ ತುಂಬಿ ಬಂತು. ಅಜ್ಜಿಯ ಮುಂದಿನ ನಡೆಯನ್ನು ಯೋಚಿಸು ಎಂದು ನಾನು ಹೇಳಿರಲೇ ಇಲ್ಲ.

ಮೂರನೆಯ ದಿನ ಅಣ್ಣ ತೋಟದಿಂದ ಬಂದು ಕೂತ. ಮೂವರ ಆಟದಲ್ಲಿ ಹೊಸ ದೋಷ ಕಂಡಿತು. ನಾಲ್ಕು ಬಕೆಟ್ ಇದ್ದರೆ ಮೂರು ಸರದಿಗೊಮ್ಮೆ ಎಲ್ಲವೂ ಮರಳುತ್ತವೆ. ಆಡುವವರೂ ಮೂವರೇ ಆದದ್ದರಿಂದ ದೊಡ್ಡಮ್ಮನಿಗೆ ಯಾವಾಗಲೂ ನಾಲ್ಕರ ಆಯ್ಕೆ, ಅಣ್ಣನಿಗೆ ಯಾವಾಗಲೂ ಎರಡರದು. ಇಬ್ಬರೇ ಆಡಿದಾಗ ಈ ಭಾಗ್ಯ ಅದಲುಬದಲಾಗುತ್ತಿದ್ದುದರಿಂದ ನನಗೆ ಕಂಡಿರಲಿಲ್ಲ. ಐದನೆಯ ಬಕೆಟ್ ಸೇರಿಸಿದರೆ ನಾಲ್ಕು ಸರದಿಗೊಮ್ಮೆ ಮರಳಿ, ಮೊದಲ ಆಯ್ಕೆ ಒಬ್ಬರಿಂದ ಇನ್ನೊಬ್ಬರಿಗೆ ಸರಿಯುತ್ತದೆ. ಆದರೆ ಇಬ್ಬರ ಆಟಕ್ಕೆ ಅದನ್ನು ಹಾಕಿದರೆ ಅಲ್ಲಿ ಅದೇ ದೋಷ ಹುಟ್ಟುತ್ತದೆ. ಆದ್ದರಿಂದ ಐದನೆಯದು ಮೂವರಿದ್ದಾಗ ಮಾತ್ರ ಎಂದು ಬರೆದುಕೊಂಡೆ.

ಅದರಲ್ಲಿ ಎಷ್ಟು ಕಾಳಿರಬೇಕು ಎಂದು ಯೋಚಿಸುತ್ತಿದ್ದೆ. “ಒಂದೇ ಸಾಕು,” ಎಂದರು ದೊಡ್ಡಮ್ಮ, “ತುಪ್ಪ ಅಲ್ಲವೇ?” ಲಗ್ನಪತ್ರಿಕೆಯ ಇನ್ನೊಂದು ಚೂರು ಕತ್ತರಿಸಿ ‘ತುಪ್ಪ’ ಎಂದು ಬರೆದೆ. ಅಣ್ಣ ಕೈ ತೊಳೆದುಕೊಂಡು ಬಂದು ಮತ್ತೆ ಕೂತ.