ನಾವೇ ಹೋಗಿ ನೋಡಿ ಬಂದೆವಮ್ಮ

ಮಂಗಳವಾರದಿಂದ ಒಬ್ಬ ಹಿರಿಯರ ಧ್ವನಿ ನನ್ನ ಕಿವಿಯಲ್ಲೇ ಉಳಿದುಬಿಟ್ಟಿದೆ. "ನಾನು ವಿಚಾರಿಸಿದ್ದು ಶನಿವಾರ ಸಂಜೆ. ನೀವು ಫೋನ್ ಮಾಡುತ್ತಿರುವುದು ಸೋಮವಾರ. ಭಾನುವಾರ ನಾವೇ ಹೋಗಿ ನೋಡಿ ಬಂದೆವಮ್ಮ." ಆ ಮಾತಿನಲ್ಲಿ ಕೋಪವಿರಲಿಲ್ಲ. ಮನೆಗೆ ತಡವಾಗಿ ಬಂದ ಮಗಳಿಗೆ ಊಟವಾಯಿತು ಎಂದು ಹೇಳುವಂತಿತ್ತು.

ಜೂನ್ ತಿಂಗಳ ಆ ಕರೆಯ ಧ್ವನಿಮುದ್ರಣವನ್ನು ನಾನು ಕೇಳಬೇಕಾಗಿ ಬಂದದ್ದು ಈ ಸೋಮವಾರದ ಸಭೆಯಿಂದಾಗಿ. ಕನಕಪುರ ರಸ್ತೆಯ ಬದಿಯಲ್ಲಿ ಏಳುತ್ತಿರುವ ಒಂದು ವಸತಿ ಸಮುಚ್ಚಯದ ಜಾಹೀರಾತಿನ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಜೂನ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಮೂರು ಲಕ್ಷ, ಗೂಗಲ್ ಹುಡುಕಾಟದ ಜಾಹೀರಾತಿಗೆ ಮೂರು ಲಕ್ಷ ಹಾಕಿದ್ದೆವು. ವಿಚಾರಿಸಿ ಫೋನ್ ಸಂಖ್ಯೆ ಕೊಟ್ಟವರನ್ನು ನಾವು ಲೀಡ್ ಎನ್ನುತ್ತೇವೆ. ಮೊದಲನೆಯದರಿಂದ 800 ಲೀಡ್ ಬಂದವು, ಎರಡನೆಯದರಿಂದ 120. ಅಂದರೆ ಫೇಸ್‌ಬುಕ್ ಲೀಡ್‌ಗೆ ತಲಾ 375 ರೂಪಾಯಿ, ಗೂಗಲ್ ಲೀಡ್‌ಗೆ 2,500. ಆಗಸ್ಟ್ ಕೊನೆಯವರೆಗೆ ಕಾದು ನೋಡಿದಾಗ ಫೇಸ್‌ಬುಕ್‌ನಿಂದ 20 ಕುಟುಂಬಗಳು, ಗೂಗಲ್‌ನಿಂದ 12 ಕುಟುಂಬಗಳು ಜಾಗ ನೋಡಿ ಹೋಗಿದ್ದವು. ಎರಡರಿಂದಲೂ ಒಂದೊಂದೇ ಬುಕಿಂಗ್. ನೇರವಾಗಿ ಗೇಟಿಗೆ ಬಂದವರು 40 ಕುಟುಂಬ, ಅವರಿಂದ ಐದು ಬುಕಿಂಗ್.

ಯಜಮಾನರು ಹಾಳೆಯ ಮೇಲೆ ಬೆರಳಿಟ್ಟು, "ಗೂಗಲ್ ನಿಲ್ಲಿಸಿ. ಆ ದುಡ್ಡನ್ನೂ ಫೇಸ್‌ಬುಕ್‌ಗೆ ಹಾಕಿ. ಒಂದು ಬುಕಿಂಗ್‌ಗೆ ಏಳು ಪಟ್ಟು ದುಬಾರಿ ಲೀಡ್ ಯಾಕೆ ಬೇಕು?" ಎಂದರು. ಹಾಳೆಯಲ್ಲಿದ್ದ ಅಂಕಿಗಳನ್ನೇ ನಂಬಿದರೆ ಅದು ಸರಿಯಾದ ಪ್ರಶ್ನೆ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮಾರಾಟದ ಮುಖ್ಯಸ್ಥರು, ಕರೆ ಮಾಡುವ ಹುಡುಗಿಯರಿಗೆ ಮಾತನಾಡಲು ಬರುವುದಿಲ್ಲ, ಅದಕ್ಕೇ ಜನ ಬರುತ್ತಿಲ್ಲ ಎಂದುಬಿಟ್ಟರು. ಇಬ್ಬರಲ್ಲಿ ಒಬ್ಬಳು, ಹಾಸನದ ಕಡೆಯವಳು, ಆಗ ಬಾಗಿಲ ಬಳಿಯೇ ಕಡತ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಮೂರು ದಿನ ಸಮಯ ಕೇಳಿದೆ.

ಹಾಗೆ ಕುಳಿತು ಕೇಳಿದ ಕರೆಗಳಲ್ಲಿ ಈ ಹಿರಿಯರದೂ ಒಂದು. ಅವರು ಗೂಗಲ್‌ನಲ್ಲಿ ಹುಡುಕಿ, ನಮ್ಮ ಪುಟಕ್ಕೆ ಬಂದು ಫಾರಂ ತುಂಬಿದ್ದು ಶನಿವಾರ ಸಂಜೆ 6.40ಕ್ಕೆ. ನಮ್ಮ ಕರೆ ಹೋದದ್ದು ಸೋಮವಾರ ಮಧ್ಯಾಹ್ನ 3.10ಕ್ಕೆ. ನಿವೇಶನದ ಕಚೇರಿಯಿಂದ ರಿಜಿಸ್ಟರ್ ತರಿಸಿ ಭಾನುವಾರದ ಪುಟ ತೆರೆದೆ. ಬೆಳಿಗ್ಗೆ 11.20, ಅದೇ ಮೊಬೈಲ್ ಸಂಖ್ಯೆ, ನೀಲಿ ಶಾಯಿಯಲ್ಲಿ ನಡುಗುವ ಸಹಿ. "ಹೇಗೆ ತಿಳಿಯಿತು?" ಎಂಬ ಕಲಂನಲ್ಲಿ ಬೇರೆಯವರ ಕೈಬರಹದಲ್ಲಿ ಒಂದೇ ಪದ: ನೇರ.

ಶನಿವಾರದ ಫಾರಂ ಸೋಮವಾರದವರೆಗೆ ಎಲ್ಲಿತ್ತು? ನಮ್ಮ ತಂತ್ರಾಂಶದಲ್ಲಿ ಎಲ್ಲ ಲೀಡ್‌ಗಳೂ ಒಂದೇ ಸಾಲಿನಲ್ಲಿ ಬರುತ್ತವೆ, ಹೊಸದು ಮೇಲೆ, ಹಳೆಯದು ಕೆಳಗೆ. ಭಾನುವಾರ ಕರೆ ಮಾಡುವವರಿಗೆ ರಜೆ. ಆ ಒಂದೂವರೆ ದಿನದಲ್ಲಿ ಅರವತ್ತಕ್ಕೂ ಹೆಚ್ಚು ಫೇಸ್‌ಬುಕ್ ಲೀಡ್‌ಗಳು ಬಂದು ಹಿರಿಯರ ಹೆಸರನ್ನು ತಳಕ್ಕೆ ತಳ್ಳಿದ್ದವು. ಫೇಸ್‌ಬುಕ್ ಫಾರಂ ತೆರೆದರೆ ಹೆಸರು, ಫೋನ್ ಸಂಖ್ಯೆ ತಾವಾಗಿಯೇ ತುಂಬಿಕೊಂಡಿರುತ್ತವೆ. ಬೆರಳು ಎರಡು ಸಲ ತಾಗಿದರೆ ಮುಗಿಯಿತು. ಹುಡುಗಿಯರು ಕರೆ ಮಾಡಿದಾಗ "ಯಾವ ಮನೆ? ನಾನೇನೂ ಕೇಳಿಲ್ಲವಲ್ಲ" ಎನ್ನುವವರೇ ಹೆಚ್ಚು. ಅವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಅವರಿಗೆ ನೆನಪಿರುವುದಿಲ್ಲ. ಫೋನ್ ಎತ್ತದವರಿಗೆ ಮೂರು ಸಲವಾದರೂ ಪ್ರಯತ್ನಿಸಬೇಕು. 800 ಜನರಲ್ಲಿ ಅರ್ಧದಷ್ಟು ಜನ ಮೊದಲ ಸಲ ಎತ್ತದಿದ್ದರೂ ಸಾವಿರಕ್ಕೂ ಮೀರಿದ ಕರೆಗಳಾಗುತ್ತವೆ. ಆ ದುಡಿಮೆ 375 ರೂಪಾಯಿಯ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಅಗ್ಗದ ಲೀಡ್‌ಗಳ ರಾಶಿಯ ಕೆಳಗೆ ನಿಜವಾಗಿ ಮನೆ ಹುಡುಕುತ್ತಿದ್ದವರು ಹೂತುಹೋಗಿದ್ದರು. ಅವರು ಕಾಯದೆ ತಾವೇ ಕಾರು ಹತ್ತಿ ಬಂದರು, ಗೇಟಿನಲ್ಲಿ "ನೇರ" ಆದರು.

"ನಾವೇ ಹೋಗಿ ನೋಡಿ ಬಂದೆವಮ್ಮ." ನಾನು ಇದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಆ ಹುಡುಗಿ ಉತ್ತರವಾಗಿ ಹೇಳಿದ್ದು "ಕ್ಷಮಿಸಿ ಸರ್" ಎಂದಷ್ಟೇ. ಅವಳ ತಪ್ಪಿಗಲ್ಲದ ಕ್ಷಮೆ ಅದು.

ಆಮೇಲೆ ನೇರ ಎಂದು ಬರೆದಿದ್ದ 40 ಹೆಸರುಗಳನ್ನೂ ಲೀಡ್ ಪಟ್ಟಿಯೊಂದಿಗೆ ಹೋಲಿಸಲು ಕುಳಿತೆ. ಮುಂದಿನ ಸೊನ್ನೆ, +91 ತೆಗೆದು ಕೊನೆಯ ಹತ್ತು ಅಂಕಿಗಳನ್ನು ಮಾತ್ರ ಇಟ್ಟುಕೊಂಡಾಗ ಒಂಬತ್ತು ಸಂಖ್ಯೆಗಳು ಸಿಕ್ಕವು. ಉಳಿದವು ಅಷ್ಟು ಸುಲಭವಲ್ಲ. ಫಾರಂ ತುಂಬಿದ್ದು ಹೆಂಡತಿ, ರಿಜಿಸ್ಟರ್‌ನಲ್ಲಿ ಬರೆದದ್ದು ಗಂಡನ ಸಂಖ್ಯೆ. ಅಂಥವರಿಗೆ ನಾನೇ ಫೋನ್ ಮಾಡಿ ಕೇಳಿದೆ. ಇನ್ನೂ ಐದು ಕುಟುಂಬಗಳು ಹೊರಬಿದ್ದವು. ಹದಿನಾಲ್ಕರಲ್ಲಿ ಆರು ಗೂಗಲ್‌ನವು, ಎಂಟು ಫೇಸ್‌ಬುಕ್‌ನವು. ನೇರ ಎನ್ನಿಸಿಕೊಂಡಿದ್ದ ಐದು ಬುಕಿಂಗ್‌ಗಳಲ್ಲಿ ಎರಡು ಗೂಗಲ್‌ಗೆ, ಒಂದು ಫೇಸ್‌ಬುಕ್‌ಗೆ ಸೇರಬೇಕಿತ್ತು.

ಈಗ ಹಾಳೆಯ ಮುಖವೇ ಬೇರೆ. ಫೇಸ್‌ಬುಕ್‌ನ 800ರಲ್ಲಿ 28 ಕುಟುಂಬ ಜಾಗ ನೋಡಿವೆ, ನೂರಕ್ಕೆ ಮೂರೂವರೆ, ಬುಕಿಂಗ್ ಎರಡು. ಗೂಗಲ್‌ನ 120ರಲ್ಲಿ 18, ನೂರಕ್ಕೆ ಹದಿನೈದು; ಬುಕಿಂಗ್ ಮೂರು. ಒಂದು ಬುಕಿಂಗ್‌ಗೆ ಒಂದೂವರೆ ಲಕ್ಷ ಒಂದು ಕಡೆ, ಒಂದು ಲಕ್ಷ ಇನ್ನೊಂದು ಕಡೆ. ಎರಡಕ್ಕೂ ಮೂರಕ್ಕೂ ಇರುವುದು ಒಂದು ಕುಟುಂಬದ ವ್ಯತ್ಯಾಸ. ನಾಳೆ ಬ್ಯಾಂಕ್ ಸಾಲ ಕೊಡದಿದ್ದರೆ ಅದೂ ಹೋಗುತ್ತದೆ. ಹಾಗಾಗಿ ಬುಕಿಂಗ್ ಅಂಕಿಯ ಮೇಲೆ ಗೂಗಲ್ ಗೆದ್ದಿತು ಎಂದು ನಾನು ಹೇಳಲಿಲ್ಲ. ಫೇಸ್‌ಬುಕ್‌ನವರನ್ನು ನಿವೇಶನಕ್ಕೆ ಕರೆತರುವ ಖರ್ಚು ಈಗಲೂ ಕಡಿಮೆಯೇ ಎಂಬುದನ್ನೂ ಮುಚ್ಚಿಡಲಿಲ್ಲ. ಹೇಳಿದ್ದು ಇಷ್ಟೇ: ನಿಲ್ಲಿಸಲು ಕಾರಣವಾಗಿದ್ದ ಅಂಕಿಯೇ ತಪ್ಪು, ನಿಲ್ಲಿಸಬೇಡಿ.

ಗೇಟಿನಲ್ಲಿ "ನೇರ" ಎಂದು ಬರೆಯುವುದು ಬರೀ ಸೋಮಾರಿತನವಲ್ಲ ಎಂಬುದೂ ಹೇಳಲೇಬೇಕಾದ ಮಾತು. ನೇರವಾಗಿ ಬಂದವರು ಮನೆ ಕೊಂಡರೆ ನಮ್ಮಲ್ಲಿ ಪ್ರೋತ್ಸಾಹಧನ ಪೂರ್ತಿ ನಿವೇಶನದ ಮಾರಾಟಗಾರರಿಗೆ. ಲೀಡ್ ಮೂಲಕ ಬಂದರೆ ಅದರಲ್ಲೊಂದು ಪಾಲು ಕರೆ ಮಾಡಿದ ಹುಡುಗಿಗೆ. ಕಲಂ ತುಂಬುವವರು ಆ ಮಾರಾಟಗಾರರೇ. ಅವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ, ಬಿಸಿಲಿನಲ್ಲಿ ದಿನವಿಡೀ ಮಾದರಿ ಮನೆ ತೋರಿಸುವ ಜನ ಅವರು. ಆದರೆ ಸಭೆಯಲ್ಲಿ ಹುಡುಗಿಯರ ಮೇಲೆ ಗೂಬೆ ಕೂರಿಸಿದ ಮುಖ್ಯಸ್ಥರಿಗೆ ಈ ಏರ್ಪಾಡು ಚೆನ್ನಾಗಿ ಗೊತ್ತಿತ್ತು. ಅದನ್ನು ನಾನು ಕ್ಷಮಿಸಲಾರೆ. ತಿಂಗಳಿಗೊಂದು ಬುಕಿಂಗ್‌ನ ಪಾಲು ಅವಳಿಗೆ ಬಂದಿದ್ದರೆ ಪಿ.ಜಿ. ಬಾಡಿಗೆ ಕಟ್ಟಿಕೊಳ್ಳುತ್ತಿದ್ದಳು.

ಗುರುವಾರ ಯಜಮಾನರು ಹಾಳೆಯನ್ನು ಎರಡು ಸಲ ಓದಿ, "ಈ ತಿಂಗಳು ಎರಡೂ ನಡೆಯಲಿ" ಎಂದರು. ಗೂಗಲ್ ಲೀಡ್‌ಗಳಿಗೆ ಬೇರೆ ಸಾಲು ಮಾಡಿದ್ದೇವೆ, ಹದಿನೈದು ನಿಮಿಷದೊಳಗೆ ಕರೆ ಹೋಗಬೇಕು. ಫೇಸ್‌ಬುಕ್ ಫಾರಂನಲ್ಲಿ ಕಳುಹಿಸುವ ಮೊದಲು ವಿವರಗಳನ್ನು ಇನ್ನೊಮ್ಮೆ ನೋಡಿ ಒಪ್ಪುವ ಹಂತ ಸೇರಿಸಿದ್ದೇವೆ. ಲೀಡ್ ಕಡಿಮೆಯಾಗುತ್ತವೆ, ದುಬಾರಿಯಾಗುತ್ತವೆ, ಆಗಲಿ. ಗೇಟಿನಲ್ಲಿ ಮೊದಲು ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿ ಆಮೇಲೆ ಕಲಂ ತುಂಬುವುದು ಎಂದಾಗಿದೆ. ಪ್ರೋತ್ಸಾಹಧನದ ವಿಷಯಕ್ಕೆ ಮಾತ್ರ "ನೋಡೋಣ" ಎಂಬ ಉತ್ತರ ಬಂದಿದೆ.

ಇಂದು ಶನಿವಾರ. ವಾರದ ರಜೆಯನ್ನು ಮಂಗಳವಾರಕ್ಕೆ ಬದಲಾಯಿಸಿಕೊಂಡು ಹಾಸನದ ಹುಡುಗಿ ರಾತ್ರಿ ಎಂಟರವರೆಗೆ ಇರುತ್ತೇನೆ ಎಂದಿದ್ದಾಳೆ, ನಾಳೆಯೂ ಬರುತ್ತಾಳೆ. ಆ ಹಿರಿಯರು ಇನ್ನೂ ಮನೆ ಕೊಂಡಿಲ್ಲ. ಸಂಜೆ ಒಮ್ಮೆ ಅವರಿಗೆ ಫೋನ್ ಮಾಡುತ್ತೀಯಾ ಎಂದು ಕೇಳಿದೆ. ಪಟ್ಟಿಯಲ್ಲಿ ಅವರ ಹೆಸರನ್ನು ಅವಳು ಆಗಲೇ ಮೇಲಕ್ಕೆ ತಂದಿಟ್ಟುಕೊಂಡಿದ್ದಳು.