ನಾನು, ಇವರು ಮತ್ತು ಮೇಷ್ಟ್ರ ಅಪ್ಪನ ತೋಟ

ಹೋದ ವರ್ಷ ಹೂಮಳೆ ಬಿದ್ದು ಎರಡು ದಿನ ಆಗಿತ್ತು. ಚಿಕ್ಕಮಗಳೂರಿನಲ್ಲಿ ಬೆಳೆಗಾರರ ಒಂದು ಸಭೆ. ನನ್ನದು ಕಾಫಿ ಕಪ್ಪಿಂಗ್ ಕೆಲಸ, ಅಂದರೆ ಬೆಳೆಗಾರರು ತಂದುಕೊಟ್ಟ ಬೀಜ ಹುರಿದು, ರುಚಿ ನೋಡಿ, ಎಲ್ಲಿ ಕೆಟ್ಟಿದೆ ಎಲ್ಲಿ ಚೆನ್ನಾಗಿದೆ ಅಂತ ವರದಿ ಬರೆದು ಕೊಡುವುದು. ಅದರ ಬಗ್ಗೆ ಅರ್ಧ ಗಂಟೆ ಮಾತಾಡಿ ಅಂತ ಕರೆದಿದ್ದರು. ಹಿಂದಿನ ರಾತ್ರಿ ಒಂಬತ್ತಕ್ಕೆ ಫೋನ್ ಬಂತು. "ಮೇಡಂ, ನಿಮ್ಮ ಪರಿಚಯ ನಾಲ್ಕು ಸಾಲು ವಾಟ್ಸಾಪ್ ಮಾಡಿಬಿಡಿ." ನನ್ನ ಪೇಜಿನಲ್ಲಿ ಇದ್ದದ್ದನ್ನೇ ಕಾಪಿ ಮಾಡಿ ಕಳಿಸಿ ಮಲಗಿದೆ.

ಅದು ಹೀಗಿತ್ತು:

"ನಾನು ಹುಟ್ಟಿದ್ದು ಮೂಡಿಗೆರೆ ಹತ್ತಿರದ ತೋಟದಲ್ಲಿ. ನಮ್ಮಪ್ಪ ಬೆಳೆದ ಕಾಫಿ ಕುಡಿದೇ ಬೆಳೆದೆ. ಬೆಂಗಳೂರಿನಲ್ಲಿ ಆರು ವರ್ಷ ಕಾಫಿ ರುಚಿ ನೋಡುವ ಕೆಲಸ ಮಾಡಿದೆ. ಈಗ ಊರಿಗೆ ಬಂದು ಬೆಳೆಗಾರರಿಗೆ ಕಪ್ಪಿಂಗ್ ವರದಿ ಕೊಡುತ್ತೇನೆ."

ನಿರೂಪಣೆಗೆ ಇದ್ದವರು ನಿವೃತ್ತ ಕನ್ನಡ ಮೇಷ್ಟ್ರು, ಅರವತ್ತು ದಾಟಿದವರು. ಚೀಟಿ ಅವರ ಕೈಗೆ ಸಿಕ್ಕಿದ್ದು ಮೈಕ್ ಮುಂದೆ ನಿಂತ ಮೇಲೆ. ಮೊದಲ ಸಾಲು ಸಲೀಸಾಗಿ ಹೋಯಿತು. "ನಾನು" ಕಂಡ ಕೂಡಲೇ "ಇವರು" ಅಂದರು, "ಇವರು ಹುಟ್ಟಿದ್ದು ಮೂಡಿಗೆರೆ ಹತ್ತಿರದ ತೋಟದಲ್ಲಿ". ಸರಿಯಾಗೇ ಇತ್ತು. ಎರಡನೇ ಸಾಲಲ್ಲಿ ಬದಲಾಯಿಸೋಕೆ "ನಾನು" ಅನ್ನೋ ಪದವೇ ಇರಲಿಲ್ಲ. ಹಾಗಾಗಿ ಗಂಭೀರವಾಗಿ, ದೊಡ್ಡ ದನಿಯಲ್ಲಿ ಓದಿಬಿಟ್ಟರು: "ನಮ್ಮಪ್ಪ ಬೆಳೆದ ಕಾಫಿ ಕುಡಿದೇ ಬೆಳೆದೆ."

ಮುಂದಿನ ಸಾಲಿನಿಂದ ಯಾರೋ ಕೂಗಿದರು, "ಮೇಷ್ಟ್ರೇ, ನಿಮ್ಮಪ್ಪಂಗೆ ಯಾವಾಗ ತೋಟ ಇತ್ತು?" ಸಭೆಯೆಲ್ಲ ನಗು. ಮೇಷ್ಟ್ರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ನಾನು ವೇದಿಕೆ ಮೇಲೆ ಕೂತು ಚಪ್ಪಲಿ ನೋಡುತ್ತಿದ್ದೆ.

ಕಾಫಿ ವಿರಾಮದಲ್ಲಿ ಕ್ಷಮೆ ಕೇಳೋಕೆ ಹೋದೆ. ಅವರು ಬೈಯಲಿಲ್ಲ, ಬದಲಿಗೆ ಜೇಬಿನಿಂದ ಪೆನ್ನು ತೆಗೆದರು. ಚೀಟಿಯಲ್ಲಿ ಮೊದಲನೆಯದು ಬಿಟ್ಟು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಒಂದೊಂದು ಗೆರೆ ಎಳೆದರು. ಬೆಳೆದೆ. ಮಾಡಿದೆ. ಕೊಡುತ್ತೇನೆ.

"ನೋಡಮ್ಮ, ನಮ್ಮ ಭಾಷೆಯಲ್ಲಿ ನಾನು ಅನ್ನೋದನ್ನ ತೆಗೆದು ಬಿಸಾಕಿದ್ರೂ ನಾನು ಹೋಗಲ್ಲ. ಬಾಲದಲ್ಲಿ ಕೂತಿರುತ್ತೆ. ಓದ್ತಾ ಓದ್ತಾ ಬದಲಾಯಿಸೋಣ ಅಂದ್ರೆ ಬಾಲ ಬರೋ ಹೊತ್ತಿಗೆ ಅರ್ಧ ವಾಕ್ಯ ಬಾಯಿಂದ ಹೊರಗೆ ಬಂದಿರುತ್ತೆ."

ಇಂಗ್ಲಿಷಿನ ನನ್ನ ಲಿಂಕ್ಡ್‌ಇನ್ ಪರಿಚಯದಲ್ಲಿ ಈ ಕಷ್ಟ ಕಮ್ಮಿ. ಅಲ್ಲಿ ಕರ್ತೃ ವಾಕ್ಯದ ಶುರುವಿನಲ್ಲೇ ಬರುತ್ತದೆ, ಭೂತಕಾಲದ ಕ್ರಿಯಾಪದ ಸಾಮಾನ್ಯವಾಗಿ ಯಾರಿಗೂ ಬದಲಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಮಾಡಿದೆ, ಮಾಡಿದಳು, ಮಾಡಿದರು, ಮೂರಕ್ಕೂ ಮೂರು ಬಾಲ. ಅದರಲ್ಲಿ ಬರೀ ಯಾರು ಅನ್ನೋದಲ್ಲ, ಮರ್ಯಾದೆಯೂ ಸೇರಿಕೊಂಡಿರುತ್ತೆ. ನನ್ನ ಬಗ್ಗೆ ನಾನೇ ಬರೆಯುವಾಗ ಮರ್ಯಾದೆ ಬೇಡ ಅಂತ "ಇವಳು ಮಾಡಿದಳು" ಅಂತ ಬರೆದರೆ, ಅದನ್ನು ಓದುವ ಮೇಷ್ಟ್ರು ನನಗೆ ಸಭೆಯಲ್ಲಿ ಅವಮಾನ ಮಾಡಿದ ಹಾಗೆ ಆಗುತ್ತೆ. ಹಾಗಾಗಿ ನಮಗೆ ನಾವೇ ಬಹುವಚನ ಹಾಕಿಕೊಳ್ಳಬೇಕು, ಬೇರೆ ದಾರಿ ಇಲ್ಲ. ಅದು ಬೇರೆಯವರ ಬಾಯಿಗೆ ಅಂತ ಬರೆದ ಮಾತು ಅಂದುಕೊಂಡರೆ ಸಂಕೋಚ ಸ್ವಲ್ಪ ಕಡಿಮೆ ಆಗುತ್ತೆ.

ಮೇಷ್ಟ್ರು ಅಲ್ಲೇ ಚೀಟಿಯ ಹಿಂದೆ ತಿದ್ದಿ ಬರೆದರು:

"ಇವರು ಹುಟ್ಟಿದ್ದು ಮೂಡಿಗೆರೆ ಹತ್ತಿರದ ತೋಟದಲ್ಲಿ. ತಂದೆ ಬೆಳೆದ ಕಾಫಿ ಕುಡಿದೇ ಬೆಳೆದವರು. ಬೆಂಗಳೂರಿನಲ್ಲಿ ಆರು ವರ್ಷ ಕಾಫಿ ರುಚಿ ನೋಡುವ ಕೆಲಸ ಮಾಡಿದ್ದಾರೆ. ಈಗ ಚಿಕ್ಕಮಗಳೂರಿನಲ್ಲಿದ್ದು ಬೆಳೆಗಾರರಿಗೆ ಕಪ್ಪಿಂಗ್ ವರದಿ ಕೊಡುತ್ತಾರೆ."

"ಊರಿಗೆ ಬಂದು" ಹೋಗಿ ಚಿಕ್ಕಮಗಳೂರು ಬಂದದ್ದನ್ನು ಗಮನಿಸಿ. ಯಾರ ಊರು ಅಂತ ಓದುವವರಿಗೆ ಗೊತ್ತಾಗಬೇಕಲ್ವಾ. ಇನ್ನೊಂದು, ನಾನು "ಕೆಲಸ ಮಾಡಿದರು" ಅಂತ ಹೇಳಿದ್ದಕ್ಕೆ ಅವರು ತಲೆ ಆಡಿಸಿದರು. "ಹಾಗೆ ಬರೀಬೇಡಿ. ಹುಟ್ಟಿದರು, ಓದಿದರು, ಕೆಲಸ ಮಾಡಿದರು ಅಂತ ಸಾಲಾಗಿ ಓದಿದ್ರೆ ಶ್ರದ್ಧಾಂಜಲಿ ಸಭೆ ಥರ ಕೇಳುತ್ತೆ. ಮಾಡಿದ್ದಾರೆ ಅನ್ನಿ, ಆಗ ಬದುಕಿದ್ದೀರಿ ಅಂತ ಗೊತ್ತಾಗುತ್ತೆ."

ನಾನು ಪಾಠ ಕಲಿತವಳ ಹುಮ್ಮಸ್ಸಿನಲ್ಲಿ ಮನೆಗೆ ಬಂದೆ. ಪೇಜಿನಲ್ಲಿದ್ದ ಹಳೆಯದನ್ನು ಅಳಿಸಿ ಮೇಷ್ಟ್ರು ಬರೆದದ್ದನ್ನು ಹಾಕಿದೆ. ಎಷ್ಟು ಭಾರಿಯಾಗಿ ಕಾಣುತ್ತಿತ್ತು ಗೊತ್ತಾ! ಅಮ್ಮ ಓದಿ, "ಯಾರೇ ಬರೆದಿದ್ದು ನಿನ್ನ ಬಗ್ಗೆ? ಚೆನ್ನಾಗಿ ಬರೆದಿದಾರೆ" ಅಂದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೂರನೆಯವರಾಗಿ ಬರೆಯುವಾಗ ಕೈ ತಾನೇ ಉದ್ದ ಆಗುತ್ತೆ, ಯಾರೋ ಬೇರೆಯವರು ಹೊಗಳ್ತಿದ್ದಾರೆ ಅನ್ನೋ ಭ್ರಮೆ. "ಜಿಲ್ಲೆಯ ಹೆಸರಾಂತ ಕಪ್ಪಿಂಗ್ ತಜ್ಞೆ" ಅಂತ ಸೇರಿಸಿದೆ. ಕೊನೆಗೆ "ಹೆಚ್ಚಿನ ವಿವರಕ್ಕೆ ನನಗೆ ಕರೆ ಮಾಡಿ" ಅನ್ನೋ ಹಳೇ ಸಾಲು ಹಾಗೇ ಉಳಿದಿತ್ತು, ಅದು ಕಣ್ಣಿಗೆ ಬೀಳಲೇ ಇಲ್ಲ.

ವಾರ ಕಳೆದು ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿದರು. ಹತ್ತು ನಿಮಿಷ ನಾನೇ ಮಾತಾಡಿದೆ, ಎಷ್ಟು ಬೀಜ ಕಳಿಸಬೇಕು, ತೇವ ಎಷ್ಟಿರಬೇಕು, ಎಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ಕೊನೆಗೆ ಅವರು, "ಸರಿ ಕಣಮ್ಮ, ಈಗ ಮೇಡಂಗೆ ಒಂಚೂರು ಫೋನ್ ಕೊಡ್ತೀಯಾ?" ಅಂದರು.

ನಾನೇ ಆ ಮೇಡಂ ಅನ್ನೋಕೆ ಬಾಯಿ ಬರಲಿಲ್ಲ. "ಅವರು ಹೊರಗೆ ಹೋಗಿದಾರೆ" ಅಂದುಬಿಟ್ಟೆ. ನಿಜ ಹೇಳಬೇಕು ಅಂದ್ರೆ ಈಗಲೂ ನಾಚಿಕೆ ಆಗುತ್ತೆ. ಅವರ ತಪ್ಪೇನಿಲ್ಲ. "ಇವರು ಕೊಡುತ್ತಾರೆ" ಅಂತ ಬರೆದಿದ್ದವಳು ನಾನು. ಇವರು ಬೇರೆ, "ನನಗೆ ಕರೆ ಮಾಡಿ" ಅಂದವಳು ಬೇರೆ ಅಂತ ಅವರು ಅಂದುಕೊಂಡಿದ್ದರು.

ಅವತ್ತೇ ಕೂತು ಪೇಜಿಗೆ "ನಾನು" ವಾಪಸ್ ತಂದೆ. ನನ್ನದೇ ಪೇಜು, ನನ್ನದೇ ಫೋನ್ ನಂಬರು, ಒಬ್ಬಳೇ ಕೆಲಸ ಮಾಡೋಳು, ಅಲ್ಲಿ ಇನ್ಯಾರೋ ನನ್ನ ಬಗ್ಗೆ ಹೇಳೋಕೆ ಯಾಕೆ ಬರಬೇಕು? "ನಾನು ಹೆಸರಾಂತ ತಜ್ಞೆ" ಅಂತ ಒಮ್ಮೆ ಜೋರಾಗಿ ಓದಿಕೊಂಡೆ, ನಗು ಬಂತು, ಅಳಿಸಿದೆ. "ಆರು ವರ್ಷ ಕೆಲಸ ಮಾಡಿದೆ" ಅಂತ ಓದಿದಾಗ ಏನೂ ಅನ್ನಿಸಲಿಲ್ಲ, ಅದು ಉಳಿಯಿತು. ಆಮೇಲೆ ಮೇಷ್ಟ್ರ ಥರ ವಾಕ್ಯದ ಬಾಲಗಳನ್ನು ಮಾತ್ರ ಓದುತ್ತಾ ಹೋದೆ, ಒಂದು "ದ್ದಾರೆ" ಮಧ್ಯದಲ್ಲಿ ಅವಿತಿದ್ದದ್ದು ಸಿಕ್ಕಿತು.

ಕಾರ್ಯಕ್ರಮಗಳಿಗೆ "ಇವರು" ಇರುವ ಪರಿಚಯವನ್ನು ಬೇರೆಯಾಗೇ ಇಟ್ಟುಕೊಂಡಿದ್ದೇನೆ. ಇನ್ನೂ ಒಂದು ಇದೆ, ಎಲ್ಲಿ ಹೋಗುತ್ತೋ ಗೊತ್ತಿಲ್ಲದಿದ್ದಾಗ ಕಳಿಸೋದು. ಆ ದಿನ ಮೇಷ್ಟ್ರು ಎಡವದೆ ಓದಿದ ಒಂದೇ ಸಾಲು ನೆನಪಿದೆಯಲ್ಲ, "ಹುಟ್ಟಿದ್ದು". ಆ ಬಾಲಕ್ಕೆ ನಾನೂ ಇಲ್ಲ, ಇವರೂ ಇಲ್ಲ. "ಹುಟ್ಟಿದ್ದು ಮೂಡಿಗೆರೆ ಬಳಿ, ಕೆಲಸ ಕಲಿತದ್ದು ಬೆಂಗಳೂರಿನಲ್ಲಿ, ಈಗ ಇರುವುದು ಚಿಕ್ಕಮಗಳೂರಿನಲ್ಲಿ." ಯಾರ ಬಾಯಿಗೆ ಕೊಟ್ಟರೂ ಕೂರುತ್ತೆ. ಆದರೆ ಮೂರು ಸಾಲಿಗಿಂತ ಜಾಸ್ತಿ ಎಳೆದರೆ ಅರ್ಜಿ ಫಾರಂ ಓದಿದ ಹಾಗಾಗುತ್ತೆ. "ನಮ್ಮಪ್ಪ" ಒಳಗೆ ನುಸುಳಿದರೆ ಮತ್ತೆ ಮೇಷ್ಟ್ರ ಗತಿಯೇ.

ಮೊನ್ನೆ ಹಾಸನದಲ್ಲಿ ಒಂದು ಕಾರ್ಯಕ್ರಮ ಇತ್ತು. "ಇವರು" ಪರಿಚಯ ಎರಡು ದಿನ ಮುಂಚೆಯೇ ಕಳಿಸಿದ್ದೆ, ಬಾಲ ಎಲ್ಲ ನೋಡಿ, ಹೊಗಳಿಕೆ ಎಲ್ಲ ತೆಗೆದು. ನಿರೂಪಕಿ ಹುಡುಗಿ ಮೈಕ್ ಹಿಡಿದು ನನ್ನ ಕಡೆ ನೋಡಿ ಚೆಂದದ ನಗು ನಕ್ಕಳು, ಆಮೇಲೆ ಶುರು ಮಾಡಿದಳು: "ನಾಡಿನ ಹೆಸರಾಂತ ಕಾಫಿ ತಜ್ಞೆಯಾದ ಇವರು..."